ಸಾಧನೆ ಕಡಿಮೆ ಇದ್ದಾಗ ಪ್ಲೇಸ್‌ಮೆಂಟ್ ಪೋರ್ಟಲ್‌ನ ಪ್ರೊಫೈಲ್ ಸಮ್ಮರಿ ಬರೆಯುವುದು ಹೇಗೆ

ಫೈನಲ್ ಇಯರ್ ಶುರುವಾಗುವ ಹೊತ್ತಿಗೆ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನಿಂದ ಪೋರ್ಟಲ್‌ನ ಲಿಂಕ್ ಬರುತ್ತದೆ. ಹೆಸರು, ವಿಳಾಸ, ಹತ್ತನೇ ಕ್ಲಾಸಿನ ಮಾರ್ಕು, ಪ್ಲಸ್ ಟು ಮಾರ್ಕು, ಸೆಮಿಸ್ಟರ್ ಗ್ರೇಡು ಇವನ್ನೆಲ್ಲ ತುಂಬುವುದು ಕಷ್ಟವಲ್ಲ. ಕೈ ನಿಲ್ಲುವುದು `Profile Summary` ಎಂದು ಬರೆದಿರುವ ಖಾಲಿ ಚೌಕದ ಮುಂದೆ. ಇಂಟರ್ನ್‌ಶಿಪ್ ಮಾಡಿಲ್ಲ, ಹ್ಯಾಕಥಾನ್ ಗೆದ್ದಿಲ್ಲ, ಸಿಜಿಪಿಎ ಏಳು ದಾಟಿಲ್ಲ, ಒಂದು ಸಪ್ಲಿ ಬರೆದು ಪಾಸಾದದ್ದೂ ಇದೆ. ಇಲ್ಲಿ ಏನು ಬರೆಯುವುದು?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ, ಮಂಜೇಶ್ವರದ ಕಡೆಯಿಂದ ಇಂಜಿನಿಯರಿಂಗ್ ಓದಲು ಹೋದವರಲ್ಲಿ ಈ ಪ್ರಶ್ನೆ ಜಾಸ್ತಿ. ಕೆಲವರು ದಕ್ಷಿಣಕ್ಕೆ, ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಂಥ ಕಡೆ ಓದುತ್ತಾರೆ. ಕೆಲವರು ಗಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ಹೋಗುತ್ತಾರೆ. ಪೊವ್ವಲ್‌ನಲ್ಲಿ ಕೇರಳದ ಕೆಟಿಯು, ಮಂಗಳೂರಿನಲ್ಲಿ ಹೆಚ್ಚಾಗಿ ಕರ್ನಾಟಕದ ವಿಟಿಯು. ವಿಶ್ವವಿದ್ಯಾಲಯ ಯಾವುದಾದರೂ ಪೋರ್ಟಲ್‌ನ ಚೌಕ ಒಂದೇ. ದಿನಾ ಮನೆಯಿಂದ ಬಸ್ಸಿನಲ್ಲಿ ಓಡಾಡುವವರಿಗೆ ಸಂಜೆ ನಡೆಯುವ ಕ್ಲಬ್ಬಿಗೂ, ರಾತ್ರಿಯಿಡೀ ನಡೆಯುವ ಸ್ಪರ್ಧೆಗೂ ಉಳಿಯುವುದು ಕಷ್ಟ. ಹಾಗಾಗಿ ಸರ್ಟಿಫಿಕೇಟಿನ ಕಟ್ಟು ತೆಳ್ಳಗಿರುತ್ತದೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಈ ಚೌಕವನ್ನು ಯಾರು, ಯಾವಾಗ ಓದುತ್ತಾರೆ?

ಇದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಕಂಪನಿಯವರು ಕಾಲೇಜಿಗೆ ಮೊದಲು ಕಳಿಸುವುದು ಅರ್ಹತೆಯ ಷರತ್ತು. ಇಂಥಿಂಥ ಬ್ರಾಂಚ್, ಇಷ್ಟು ಸಿಜಿಪಿಎ, ಈಗ ಬಾಕಿ ಇರುವ ಪೇಪರ್ ಇರಬಾರದು, ಹೀಗೆ. ಈ ಸೋಸುವಿಕೆ ನಡೆಯುವುದು ನೀವು ಬೇರೆ ಬೇರೆ ಫೀಲ್ಡ್‌ಗಳಲ್ಲಿ ತುಂಬಿದ ಅಂಕಿಗಳ ಮೇಲೆ. ಆ ಹಂತದಲ್ಲಿ ನಿಮ್ಮ ಸಮ್ಮರಿಯನ್ನು ಯಾರೂ ಓದುವುದಿಲ್ಲ. ಸಿಜಿಪಿಎ ಷರತ್ತಿಗಿಂತ ಕೆಳಗಿದ್ದರೆ ಎಷ್ಟು ಚಂದದ ಸಮ್ಮರಿ ಬರೆದರೂ ಹೆಸರು ಪಟ್ಟಿಗೆ ಬರುವುದಿಲ್ಲ. ಷರತ್ತಿನ ಒಳಗಿದ್ದರೆ ಸಾದಾ ಸಮ್ಮರಿ ಇದ್ದರೂ ಪಟ್ಟಿಯಲ್ಲಿ ಇರುತ್ತೀರಿ.

ಸಮ್ಮರಿಯನ್ನು ಓದುವುದು ಆಮೇಲೆ. ಪರೀಕ್ಷೆ ಮುಗಿದು ಇಂಟರ್‌ವ್ಯೂಗೆ ಕರೆದಾಗ, ಎದುರು ಕೂತವರು ನಿಮ್ಮ ಪ್ರೊಫೈಲನ್ನು ತೆರೆದು ಒಮ್ಮೆ ಕಣ್ಣಾಡಿಸುತ್ತಾರೆ. ಅದಕ್ಕೂ ಮೊದಲು ಅದನ್ನು ನೋಡಿರಲು ಅವರಿಗೆ ಸಮಯ ಇರುವುದು ಅಪರೂಪ. ಅವರಿಗೆ ಆಗ ಬೇಕಾಗಿರುವುದು ಮಾತು ಶುರು ಮಾಡಲು ಒಂದು ವಿಷಯ. ನಿಮ್ಮ ಸಮ್ಮರಿಯಲ್ಲಿ ಅಂಥದ್ದು ಸಿಕ್ಕಿದರೆ ಅದನ್ನೇ ಕೇಳುತ್ತಾರೆ. ಸಿಗದಿದ್ದರೆ ಅವರಿಗೆ ತೋಚಿದ ವಿಷಯದಿಂದ ಶುರು ಮಾಡುತ್ತಾರೆ.

ಹಾಗಾಗಿ ಈ ಚೌಕ ನಿಮ್ಮ ಬದುಕಿನ ಸಾರಾಂಶಕ್ಕೆ ಇರುವುದಲ್ಲ. ಇಂಟರ್‌ವ್ಯೂನ ಮೊದಲ ಪ್ರಶ್ನೆಯನ್ನು ನೀವೇ ಆರಿಸಿಕೊಡುವ ಜಾಗ ಇದು. ಹತ್ತು ಸಾಧನೆಯ ಪಟ್ಟಿ ಇದ್ದರೂ ಮೊದಲ ಪ್ರಶ್ನೆ ಒಂದರ ಮೇಲೆಯೇ ಬರುವುದು, ಅಲ್ವಾ? ನೀವು ಕೈಯಾರೆ ಮಾಡಿದ, ಐದು ನಿಮಿಷ ತಡವರಿಸದೆ ಮಾತಾಡಬಲ್ಲ ಒಂದೇ ಒಂದು ಚಿಕ್ಕ ಕೆಲಸ ಇದ್ದರೆ ಈ ಚೌಕಕ್ಕೆ ಸಾಕು.

ಮಾರ್ಕಿನ ಬಗ್ಗೆ ಇಲ್ಲಿ ಸಮಜಾಯಿಷಿ ಬೇಡ. 'ಅನಾರೋಗ್ಯದ ಕಾರಣ ಮೂರನೇ ಸೆಮಿಸ್ಟರಿನಲ್ಲಿ ಮಾರ್ಕು ಕಡಿಮೆಯಾಯಿತು' ಎಂದು ಸಮ್ಮರಿಯಲ್ಲಿ ಬರೆದರೆ ಮೊದಲ ಪ್ರಶ್ನೆಯೇ ಅದಾಗುತ್ತದೆ. ಸಪ್ಲಿಯ ವಿವರಕ್ಕೆ ಬೇರೆ ಫೀಲ್ಡ್ ಇರುತ್ತದೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ತುಂಬಿ. ಈಗ ಬಾಕಿ ಇರುವುದು ಎಷ್ಟು, ಹಿಂದೆ ಬಿದ್ದು ಆಮೇಲೆ ಪಾಸಾದದ್ದು ಎಷ್ಟು ಎಂದು ಬೇರೆ ಬೇರೆ ಕೇಳಿದ್ದರೆ ಗಮನಿಸಿ ತುಂಬಿ. ಕೆಲಸ ಸಿಕ್ಕ ಮೇಲೆ ಎಲ್ಲ ಗ್ರೇಡ್ ಕಾರ್ಡುಗಳನ್ನೂ ತಾಳೆ ನೋಡುತ್ತಾರೆ. ಸಿಜಿಪಿಎಯನ್ನು ಪರ್ಸೆಂಟಿಗೆ ಬದಲಿಸುವಾಗ ಸೀನಿಯರ್ ಹೇಳಿದ ಲೆಕ್ಕ ಹಾಕಬೇಡಿ. ಸೂತ್ರ ವಿಶ್ವವಿದ್ಯಾಲಯಕ್ಕೆ ತಕ್ಕಂತೆ ಬೇರೆ, ಒಂದೇ ವಿಶ್ವವಿದ್ಯಾಲಯದಲ್ಲೂ ಸ್ಕೀಮ್‌ಗೆ ತಕ್ಕಂತೆ ಬೇರೆ. ನಿಮ್ಮ ಸ್ಕೀಮ್‌ನ ನಿಯಮಾವಳಿಯಲ್ಲಿ ಇರುವುದನ್ನೇ ಬಳಸಿ.

ಎರಡನೆಯದು: ಕಚ್ಚಾ ವಸ್ತು ಹುಡುಕುವುದು

ಬರೆಯಲು ಕೂರುವ ಮೊದಲು ಮನೆಯಲ್ಲಿರುವ ನಾಲ್ಕು ವಸ್ತು ಹೊರಗೆ ತೆಗೆಯಿರಿ. ಮಿನಿ ಪ್ರಾಜೆಕ್ಟಿನ ರಿಪೋರ್ಟ್, ಲ್ಯಾಬ್ ರೆಕಾರ್ಡುಗಳು, ಸೆಮಿನಾರಿನ ಸ್ಲೈಡುಗಳು, ಆಕ್ಟಿವಿಟಿ ಪಾಯಿಂಟಿನ ಫೈಲು. ಕೆಟಿಯುನಲ್ಲೂ ವಿಟಿಯುನಲ್ಲೂ ಆಕ್ಟಿವಿಟಿ ಪಾಯಿಂಟ್ ಮಾಡಬೇಕಿರುವುದರಿಂದ ಆ ಫೈಲಿನಲ್ಲಿ ನೀವು ಮರೆತೇಬಿಟ್ಟ ಒಂದೆರಡು ಕೆಲಸ ಖಂಡಿತ ಇರುತ್ತವೆ. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರದಲ್ಲಿ ಮನೆ ಮನೆಗೆ ಹೋಗಿ ಸರ್ವೆ ಮಾಡಿದ್ದಿರಬಹುದು. ಆ ಸರ್ವೆಯ ಹಾಳೆಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ ಪಟ್ಟಿ ಮಾಡಿದವರು ನೀವೇ ಆಗಿರಬಹುದು. ಅದೂ ಕೆಲಸವೇ.

ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ನನ್ನ ಕೈಯಿಂದ ಆದದ್ದು ಯಾವುದು? ಎಲ್ಲಿ ಕೈಕೊಟ್ಟಿತು? ಅದನ್ನು ಸರಿಮಾಡಿದ್ದು ಹೇಗೆ? ಉತ್ತರವನ್ನು ಕನ್ನಡದಲ್ಲೇ, ಮನೆಯಲ್ಲಿ ಮಾತಾಡುವ ಹಾಗೆಯೇ ಬರೆಯಿರಿ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಎಲ್ಲೋ ಓದಿದ ವಾಕ್ಯಗಳು ಮೊದಲು ಬಂದುಬಿಡುತ್ತವೆ, ನಿಮ್ಮ ಕೆಲಸ ಹಿಂದೆ ಉಳಿಯುತ್ತದೆ.

ಪೆರ್ಲದ ಕಡೆಯ ಒಬ್ಬ ಹುಡುಗಿಯ ಪ್ರೊಫೈಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್, ಸಿಜಿಪಿಎ 6.8, ಒಂದು ಸಪ್ಲಿ ಪಾಸಾಗಿದೆ, ಇಂಟರ್ನ್‌ಶಿಪ್ ಇಲ್ಲ. ಅವಳು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದರೆ ಹೀಗಿತ್ತು: 'ನಾನು ಶ್ರಮಜೀವಿ, ಬೇಗ ಕಲಿಯುವವಳು, ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡುವವಳು. ನನ್ನ ಕೌಶಲ್ಯವನ್ನು ಬಳಸಿ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡಲು ಒಂದು ಸವಾಲಿನ ಹುದ್ದೆಯನ್ನು ಹುಡುಕುತ್ತಿದ್ದೇನೆ.'

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಅವಳ ಕ್ಲಾಸಿನ ಯಾರ ಹೆಸರನ್ನು ಮೇಲೆ ಹಾಕಿದರೂ ಈ ವಾಕ್ಯ ಹೊಂದುತ್ತದೆ. ಓದಿದವರಿಗೆ ಕೇಳಲು ಒಂದು ಪ್ರಶ್ನೆಯೂ ಸಿಗುವುದಿಲ್ಲ. ಅವಳ ಜೊತೆ ನಡೆದ ಮಾತು ಇದು:

"ಮಿನಿ ಪ್ರಾಜೆಕ್ಟ್ ಏನು ಮಾಡಿದ್ದು?"

"ನೀರಿನ ಟ್ಯಾಂಕಿಯದ್ದು ಅಕ್ಕಾ. ನೀರು ಕಡಿಮೆಯಾದರೆ ಪಂಪ್ ತನ್ನಷ್ಟಕ್ಕೇ ಶುರುವಾಗುತ್ತದೆ, ತುಂಬಿದರೆ ನಿಲ್ಲುತ್ತದೆ. ಅದು ಎಲ್ಲರೂ ಮಾಡುವಂಥದ್ದೇ."

"ಇರಲಿ. ಅದರಲ್ಲಿ ನೀನು ಮಾಡಿದ್ದು ಯಾವುದು?"

"ನಾವು ನಾಲ್ಕು ಜನ ಸೇರಿ ಮಾಡಿದ್ದು."

"ನಾಲ್ಕು ಜನರೂ ಒಟ್ಟಿಗೆ ಕೋಡ್ ಟೈಪ್ ಮಾಡಿದಿರಾ?"

"ಇಲ್ಲಕ್ಕಾ, ಕೋಡ್ ನಾನೇ ಬರೆದದ್ದು. ಸೆನ್ಸರ್ ಓದುವುದು, ಪಂಪ್ ಆನ್ ಆಫ್ ಮಾಡುವುದು ನನ್ನದು. ವೈರಿಂಗ್ ಇನ್ನೊಬ್ಬನದು. ಮೊಬೈಲಿನಲ್ಲಿ ತೋರಿಸುವುದು ಮತ್ತೊಬ್ಬಳದು. ರಿಪೋರ್ಟ್ ಒಬ್ಬ ಮಾಡಿದ."

"ಎಲ್ಲಿ ತೊಂದರೆ ಕೊಟ್ಟಿತು?"

ಈ ಪ್ರಶ್ನೆಗೆ ಅವಳು ನಿಲ್ಲದೆ ಮಾತಾಡಿದಳು. ಟ್ಯಾಂಕಿಯ ಮೇಲೆ ಕೂರಿಸಿದ್ದು `HC-SR04` ಎಂಬ ಅಲ್ಟ್ರಾಸಾನಿಕ್ ಸೆನ್ಸರ್. ಅದು ಕೆಳಗೆ ಶಬ್ದದ ಅಲೆ ಕಳಿಸಿ, ನೀರಿಗೆ ಬಡಿದು ವಾಪಸ್ ಬರಲು ಹಿಡಿದ ಸಮಯವನ್ನು ಕೊಡುತ್ತದೆ. ಅದರಿಂದ ನೀರು ಎಷ್ಟು ಕೆಳಗಿದೆ ಎಂದು ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಬೇಕು. ಸಮಯ ಮೈಕ್ರೋಸೆಕೆಂಡಿನಲ್ಲಿ:

```
distance = duration * 0.0343 / 2
```

ಅಲೆ ಹೋಗಿ ಬರುವ ಎರಡೂ ದಾರಿ ಸೇರಿರುವುದರಿಂದ ಎರಡರಿಂದ ಭಾಗಿಸುವುದು. ಪಂಪ್ ನೀರು ಸುರಿಯುವಾಗ ಮೇಲ್ಮೈ ಅಲುಗುತ್ತದೆ. ಆಗ ಮಧ್ಯೆ ಮಧ್ಯೆ ತಪ್ಪು ಅಳತೆ ಬರುತ್ತಿತ್ತು. ನೀರು 60 ಸೆಂಟಿಮೀಟರ್ ಕೆಳಗಿದ್ದಾಗ ಅಳತೆ 60, 61, 140, 59, 60 ಎಂದು ಬಂತು ಅಂದುಕೊಳ್ಳಿ. ಸರಾಸರಿ ತೆಗೆದರೆ 76. ಒಂದೇ ಒಂದು ತಪ್ಪು ಅಳತೆ ಇಡೀ ಉತ್ತರವನ್ನು ಕೆಡಿಸುತ್ತದೆ. ಅದರ ಬದಲು ಐದನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದರೆ 60 ಸಿಗುತ್ತದೆ. ಅವಳು ಮಾಡಿದ್ದು ಅದನ್ನೇ.

ಇನ್ನೊಂದು ತೊಂದರೆ ಪಂಪನ್ನು ಆನ್ ಆಫ್ ಮಾಡುವ ರಿಲೇಯದ್ದು. ಮೊದಲು ಒಂದೇ ಮಟ್ಟ ಇಟ್ಟಿದ್ದರು. ಆ ಮಟ್ಟದ ಹತ್ತಿರ ನೀರು ಅಲುಗಿದರೆ ರಿಲೇ ಟಕ್ ಟಕ್ ಎಂದು ಆನ್ ಆಫ್ ಆಗುತ್ತಲೇ ಇತ್ತು. ಆಮೇಲೆ ಎರಡು ಮಟ್ಟ ಮಾಡಿದರು. ನೀರು ಸೆನ್ಸರಿನಿಂದ 80 ಸೆಂಟಿಮೀಟರ್ ಕೆಳಗೆ ಇಳಿದರೆ ಪಂಪ್ ಶುರು, 20 ಸೆಂಟಿಮೀಟರಿಗೆ ಏರಿದರೆ ಬಂದ್. ನಡುವೆ ಏನಾದರೂ ಪಂಪ್ ಇದ್ದ ಸ್ಥಿತಿಯಲ್ಲೇ ಇರುತ್ತದೆ.

'ಎಲ್ಲರೂ ಮಾಡುವಂಥದ್ದು' ಎಂದು ಅವಳು ತಳ್ಳಿಹಾಕಿದ ಪ್ರಾಜೆಕ್ಟಿನೊಳಗೇ ಇದೆಲ್ಲ ಇತ್ತು. ಟ್ಯಾಂಕಿಯ ಪ್ರಾಜೆಕ್ಟ್ ಸಾವಿರ ಜನ ಮಾಡಿರಬಹುದು. ಆದರೆ ತಪ್ಪು ಅಳತೆ ಯಾಕೆ ಬಂತು, ಸರಾಸರಿ ಯಾಕೆ ಸರಿಯಾಗಲಿಲ್ಲ ಎಂದು ಹೇಳಬಲ್ಲವರು ಅಷ್ಟು ಜನ ಇರುವುದಿಲ್ಲ. ಸಮ್ಮರಿಗೆ ಬೇಕಾದದ್ದು ಪ್ರಾಜೆಕ್ಟಿನ ಹೆಸರಿಗಿಂತ ಹೆಚ್ಚಾಗಿ ಈ ಭಾಗ.

ಪ್ರಾಜೆಕ್ಟ್ ನೀವೇ ಮಾಡಿದ್ದಲ್ಲದಿದ್ದರೆ

ಇದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸರಿಯಲ್ಲ, ಯಾಕೆಂದರೆ ಬಹಳ ಜನರ ಸ್ಥಿತಿ ಇದು. ಗುಂಪಿನಲ್ಲಿ ಒಬ್ಬ ಮಾಡಿದ, ಉಳಿದವರು ವೈವಾಗೆ ಓದಿಕೊಂಡು ಹೋದರು. ಅಥವಾ ದುಡ್ಡು ಕೊಟ್ಟು ಹೊರಗೆ ಮಾಡಿಸಿದರು. ಅಂಥ ಪ್ರಾಜೆಕ್ಟನ್ನು ಸಮ್ಮರಿಗೆ ಹಾಕಿದರೆ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು, ಎರಡನೆಯದಕ್ಕೆ ಸಿಕ್ಕಿಬೀಳುತ್ತೀರಿ. 'ಈ ಬೋರ್ಡನ್ನೇ ಯಾಕೆ ಆರಿಸಿದ್ದು?' ಎಂದು ಕೇಳಿದರೆ ಸಾಕು.

ದಾರಿ ಇದೆ. ಪೋರ್ಟಲ್ ಲಾಕ್ ಆಗಲು ಎರಡು ವಾರ ಇದ್ದರೂ ಆಗುತ್ತದೆ. ಇಡೀ ಪ್ರಾಜೆಕ್ಟನ್ನು ಮತ್ತೆ ಮಾಡಲು ಹೋಗಬೇಡಿ. ಅದರ ಒಂದು ತುಂಡು ಆರಿಸಿ ನೀವೇ ಮಾಡಿ. ಟ್ಯಾಂಕಿಯ ಪ್ರಾಜೆಕ್ಟೇ ಆದರೆ ಪಂಪ್, ರಿಲೇ, ಮೊಬೈಲ್ ಎಲ್ಲ ಬಿಡಿ. `ESP32` ಎಂಬ ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಒಂದು ಸೆನ್ಸರ್, ಒಂದು ಬಕೆಟ್ ನೀರು ಸಾಕು. ಅಳತೆ ಸರಿ ಬರುವವರೆಗೆ ಕೂತು ನೋಡಿ. ಹಾಗೆ ಮಾಡುವಾಗ ಪುಸ್ತಕದಲ್ಲಿ ಸಿಗದ ಒಂದೆರಡು ವಿಷಯ ತಾನಾಗಿ ಎದುರಾಗುತ್ತದೆ. ಉದಾಹರಣೆಗೆ ಈ ಸೆನ್ಸರ್ ನಡೆಯುವುದು 5 ವೋಲ್ಟಿನಲ್ಲಿ, ಅದರ `Echo` ಪಿನ್ ಕೊಡುವ ಸಿಗ್ನಲ್ಲೂ 5 ವೋಲ್ಟ್. `ESP32` ಬೋರ್ಡಿನ ಪಿನ್ನುಗಳು 3.3 ವೋಲ್ಟಿನವು. `Echo` ಪಿನ್ನಿನಿಂದ ಬೋರ್ಡಿನ ಪಿನ್ನಿಗೆ 1 ಕಿಲೋಓಮ್, ಬೋರ್ಡಿನ ಆ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. ಇದನ್ನು ಕೈಯಾರೆ ಮಾಡಿದವರು ಇಂಟರ್‌ವ್ಯೂನಲ್ಲಿ ಮಾತಾಡುವ ರೀತಿಯೇ ಬೇರೆ.

ಕಂಪ್ಯೂಟರ್ ಸೈನ್ಸ್‌ನವರಾದರೆ ಪ್ರಾಜೆಕ್ಟಿನ ಒಂದು ಪರದೆ ಅಥವಾ ಒಂದು ಟೇಬಲ್ ತೆಗೆದುಕೊಳ್ಳಿ. ಲೈಬ್ರರಿ ಪ್ರಾಜೆಕ್ಟ್ ಅಂದುಕೊಳ್ಳಿ. ಒಂದೇ ಪ್ರತಿ ಇರುವ ಪುಸ್ತಕವನ್ನು ಇಬ್ಬರು ಒಂದೇ ಸಮಯಕ್ಕೆ ಕಾದಿರಿಸಿದರೆ ಏನಾಗುತ್ತದೆ? ಅಷ್ಟು ಭಾಗವನ್ನು ಸ್ವಂತವಾಗಿ ಬರೆದು, ಎರಡು ಕಿಟಕಿ ತೆರೆದು ಪರೀಕ್ಷೆ ಮಾಡಿ. ಸಿವಿಲ್‌ನವರಿಗೆ ಸರ್ವೆ ಲ್ಯಾಬಿನ ಒಂದು ಅಭ್ಯಾಸವನ್ನೇ ತೋಟದಲ್ಲೋ ಅಂಗಳದಲ್ಲೋ ಮತ್ತೆ ಮಾಡಬಹುದು.

ಮಾಡಿದ್ದನ್ನು ಗಿಟ್‌ಹಬ್‌ಗೆ ಹಾಕಿ. `README.md` ಎಂಬ ಫೈಲಿನಲ್ಲಿ ಏನು ಮಾಡಿದ್ದು, ಹೇಗೆ ನಡೆಸುವುದು, ಏನು ಇನ್ನೂ ಸರಿಯಾಗಿಲ್ಲ ಎಂದು ಹತ್ತು ಸಾಲು ಬರೆಯಿರಿ. ಗುಂಪಿನಲ್ಲಿ ಇನ್ನೊಬ್ಬರು ಬರೆದ ಕೋಡನ್ನು ನಿಮ್ಮ ಹೆಸರಿನಲ್ಲಿ ಏರಿಸಬೇಡಿ.

ಮೂರನೆಯದು: ನಾಲ್ಕು ವಾಕ್ಯ

ವಸ್ತು ಕೈಯಲ್ಲಿದ್ದರೆ ಬರೆಯುವುದು ಬೇಗ ಆಗುತ್ತದೆ. ನಾಲ್ಕು ವಾಕ್ಯ, ಹೆಚ್ಚೆಂದರೆ ಐದು. ಇಂಗ್ಲಿಷಿನಲ್ಲಿ 60ರಿಂದ 80 ಪದ. ಚೌಕದಲ್ಲಿ ಇನ್ನೂ ಜಾಗ ಉಳಿದಿದೆ ಎಂದು ಹಿಗ್ಗಿಸಬೇಡಿ. ಲಿಂಕ್ಡ್‌ಇನ್‌ನ `About` ಭಾಗದಲ್ಲಿ 2600 ಅಕ್ಷರದವರೆಗೆ ಬರೆಯಬಹುದು, ಆದರೆ ಅಲ್ಲೂ ಮೊದಲು ಕಣ್ಣಿಗೆ ಬೀಳುವುದು ಮೇಲಿನ ಕೆಲವು ಸಾಲು ಮಾತ್ರ.

ಮೊದಲ ವಾಕ್ಯದಲ್ಲಿ ನೀವು ಯಾರು: ವರ್ಷ ಮತ್ತು ಬ್ರಾಂಚ್. ವಿಶೇಷಣ ಏನೂ ಬೇಡ. ಎರಡನೆಯದರಲ್ಲಿ ಆರಿಸಿದ ಆ ಒಂದು ಕೆಲಸ, ಅದರಲ್ಲಿ ನಿಮ್ಮ ಪಾಲು. ಮೂರನೆಯದರಲ್ಲಿ ಎಲ್ಲಿ ತೊಡಕಾಯಿತು, ಏನು ಮಾಡಿದಿರಿ. ಕೊನೆಗೆ ಏನು ಬಳಸಲು ಬರುತ್ತದೆ, ಯಾವ ಥರದ ಕೆಲಸ ಬೇಕು. ಈ ಕೊನೆಯದನ್ನು ಬೇಕಾದರೆ ಎರಡು ವಾಕ್ಯ ಮಾಡಿ.

ಪೆರ್ಲದ ಹುಡುಗಿಯದ್ದು ಕನ್ನಡದಲ್ಲಿ ಮೊದಲು ಹೀಗೆ ಬಂತು: 'ಇಸಿಇ ಫೈನಲ್ ಇಯರ್. ನಾಲ್ವರು ಮಾಡಿದ ಮಿನಿ ಪ್ರಾಜೆಕ್ಟಿನಲ್ಲಿ ಟ್ಯಾಂಕಿಯ ಪಂಪ್ ನಡೆಸುವ ಕೋಡ್ ನಾನು ಬರೆದೆ. ಐದು ಅಳತೆಯಲ್ಲಿ ನಡುವಿನದನ್ನು ತೆಗೆದು ತಪ್ಪು ಅಳತೆಯನ್ನು ಬಿಟ್ಟೆ, ಶುರುವಾಗಲು ಒಂದು ಮಟ್ಟ, ನಿಲ್ಲಲು ಇನ್ನೊಂದು ಮಟ್ಟ ಇಟ್ಟೆ. ಸಿ, ಗಿಟ್ ಚೆನ್ನಾಗಿ ಬರುತ್ತವೆ, ಪೈಥಾನ್ ಸ್ವಲ್ಪ. ಎಂಬೆಡೆಡ್ ಅಥವಾ ಟೆಸ್ಟಿಂಗ್ ಕೆಲಸ ಬೇಕು.'

ಇದನ್ನು ಇಂಗ್ಲಿಷಿಗೆ ತರುವಾಗ ದೊಡ್ಡ ಪದ ಹುಡುಕಬೇಡಿ. 'ಬರೆದೆ' ಎನ್ನುವುದಕ್ಕೆ `wrote` ಸಾಕು, 'ಕಟ್ಟಿದೆ' ಎನ್ನುವುದಕ್ಕೆ `built`, 'ಪರೀಕ್ಷಿಸಿದೆ' ಎನ್ನುವುದಕ್ಕೆ `tested`. ಮುಗಿದ ಕೆಲಸ ಆದ್ದರಿಂದ ಭೂತಕಾಲ. `I` ಎಂದು ಶುರು ಮಾಡದೆ ನೇರ ಕ್ರಿಯಾಪದದಿಂದ ಬರೆಯುವುದು ರೆಸ್ಯೂಮೆಯಲ್ಲಿ ರೂಢಿ. ಹೇಗೆ ಬರೆದರೂ ಕೊನೆಯವರೆಗೂ ಒಂದೇ ರೀತಿ ಇರಲಿ. ಪೋರ್ಟಲ್‌ಗೆ ಹಾಕಿದ್ದು ಇದು:

```
Final-year B.Tech student in Electronics and Communication.
Wrote the ESP32 code for a tank pump controller in a four-member
mini project. Used the median of five HC-SR04 readings to drop false
values, and separate start and stop levels to stop the relay from
chattering. Work in C and Git, with basic Python. Looking for an
entry-level role in embedded software or testing.
```

ಎಲ್ಲವೂ ಅವಳು ಮಾಡಿದ್ದೇ. `four-member` ಎಂಬ ಒಂದು ಪದ ಬಹಳ ಕೆಲಸ ಮಾಡುತ್ತದೆ. ಗುಂಪಿನ ಕೆಲಸ ಎಂದು ಒಪ್ಪಿಕೊಂಡೇ ತನ್ನ ಪಾಲನ್ನು ಹೇಳಿದ ಹಾಗಾಯಿತು. ಗುಂಪಿನ ಉಳಿದ ಮೂವರೂ ಅದೇ ಕಂಪನಿಯ ಇಂಟರ್‌ವ್ಯೂಗೆ ಬಂದಿರುತ್ತಾರೆ ಎನ್ನುವುದನ್ನು ಮರೆಯಬೇಡಿ. ನಾಲ್ವರೂ 'ಇಡೀ ಸಿಸ್ಟಮ್ ನಾನೇ ಮಾಡಿದ್ದು' ಎಂದು ಬರೆದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಹೊರಗೆ ಬರುತ್ತದೆ. ಬರೆಯುವ ಮೊದಲು ನಾಲ್ವರೂ ಕೂತು ಯಾರ ಪಾಲು ಯಾವುದು ಎಂದು ಮಾತಾಡಿಕೊಳ್ಳುವುದು ಒಳ್ಳೆಯದು. ವೈರಿಂಗ್ ಮಾಡಿದವನಿಗೆ ವೋಲ್ಟೇಜ್ ಇಳಿಸಿದ ಕಥೆ ಇದೆ. ಮೊಬೈಲಿನಲ್ಲಿ ತೋರಿಸಿದವಳಿಗೆ ಬೇರೆ ಕಥೆ ಇದೆ. ಒಂದೇ ಪ್ರಾಜೆಕ್ಟಿನಿಂದ ಬೇರೆ ಬೇರೆ ಸಮ್ಮರಿ ಬರುತ್ತದೆ. ರಿಪೋರ್ಟ್ ಮಾತ್ರ ಮಾಡಿದವನು ಸಮ್ಮರಿಗೆ ಬೇರೆ ಕೆಲಸ ಹುಡುಕುವುದೇ ವಾಸಿ.

ಸ್ಕಿಲ್‌ಗಳ ವಿಷಯದಲ್ಲಿ ಒಂದು ಮಾತು. `Python`, `Java`, `C++`, `SQL`, `Machine Learning`, `Cloud` ಎಂದು ಸಾಲಾಗಿ ಬರೆದರೆ ಎಲ್ಲದರ ಮೇಲೂ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಬರುತ್ತದೆ. ಒಂದು ಸೆಮಿಸ್ಟರ್ ಓದಿ ಪರೀಕ್ಷೆ ಬರೆದದ್ದು ಸಮ್ಮರಿಗೆ ಬೇಡ. ಅದಕ್ಕೆ ಸ್ಕಿಲ್ಸ್ ಎಂಬ ಬೇರೆ ಫೀಲ್ಡ್ ಇದೆ. ಏನಾದರೂ ಮಾಡಲು ಬಳಸಿದ್ದನ್ನು ಮಾತ್ರ ಇಲ್ಲಿ ಬರೆಯಿರಿ. `basic Python` ಎಂದು ಬರೆಯಲು ನಾಚಿಕೆ ಬೇಡ. ಹಾಗೆ ಬರೆದವರಿಗೆ ಲೂಪ್, ಲಿಸ್ಟ್ ಮಟ್ಟದ ಪ್ರಶ್ನೆ ಬರುತ್ತದೆ. `expert` ಎಂದು ಬರೆದವರಿಗೆ ಉತ್ತರ ಹೇಳಲಾಗದಂಥ ಪ್ರಶ್ನೆ ಬರುತ್ತದೆ. ಹೆಸರುಗಳ ಸ್ಪೆಲ್ಲಿಂಗ್ ಅವು ಇರುವ ಹಾಗೆಯೇ ಇರಲಿ: `MySQL`, `GitHub`, `MATLAB`. ಕೆಲವು ಕಡೆ ಹೆಸರು ಹಾಕಿ ಹುಡುಕುತ್ತಾರೆ. ಸ್ಪೆಲ್ಲಿಂಗ್ ತಪ್ಪಿದ್ದರೆ ಆ ಹುಡುಕಾಟದಲ್ಲಿ ನೀವು ಸಿಗುವುದಿಲ್ಲ.

ಕೊನೆಯ ವಾಕ್ಯದಲ್ಲಿ ಯಾವ ಕೆಲಸ ಬೇಕು ಎಂದು ಬರೆಯುವಾಗ ನಮ್ಮ ಕಡೆಯ ಮಕ್ಕಳು ಅಳುಕುತ್ತಾರೆ. ಒಂದನ್ನು ಬರೆದರೆ ಉಳಿದದ್ದು ತಪ್ಪಿಹೋಗುತ್ತದೆ ಎಂಬ ಹೆದರಿಕೆ. ಕ್ಯಾಂಪಸ್ಸಿಗೆ ಬರುವ ದೊಡ್ಡ ಸಾಫ್ಟ್‌ವೇರ್ ಸರ್ವೀಸ್ ಕಂಪನಿಗಳು ಎಲ್ಲ ಬ್ರಾಂಚಿನವರನ್ನೂ ತೆಗೆದುಕೊಂಡು ಆಮೇಲೆ ತಾವೇ ಟ್ರೈನಿಂಗ್ ಕೊಡುವುದು ಸಾಮಾನ್ಯ. ಅವರಿಗೆ `embedded` ಎಂದು ಮಾತ್ರ ಬರೆದಿರುವುದನ್ನು ನೋಡಿದರೆ 'ಇವರು ಇಲ್ಲಿ ನಿಲ್ಲುತ್ತಾರಾ?' ಎಂಬ ಅನುಮಾನ ಬರಬಹುದು. ಅದಕ್ಕೇ ಹತ್ತಿರ ಹತ್ತಿರದ ಎರಡು ಕೆಲಸ ಬರೆಯಿರಿ. ಒಂದು ನಿಮ್ಮ ಬ್ರಾಂಚಿನದು, ಇನ್ನೊಂದು ಸಾಫ್ಟ್‌ವೇರಿನದು. ಪೋರ್ಟಲ್‌ನಲ್ಲಿ ಒಂದಕ್ಕಿಂತ ಹೆಚ್ಚು ರೆಸ್ಯೂಮೆ ಏರಿಸಲು ಬಿಟ್ಟರೆ ಈ ಕೊನೆಯ ವಾಕ್ಯವನ್ನು ಮಾತ್ರ ಬದಲಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಮೇಲಿನ ಮೂರು ವಾಕ್ಯ ಹಾಗೆಯೇ ಇರಲಿ.

ಭಾಷೆ, ಊರು, ಮನೆ

ಕಾಸರಗೋಡಿನ ಕನ್ನಡ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ಅವರು ಲೆಕ್ಕಕ್ಕೇ ಇಡುವುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಬೆಂಗಳೂರಿನಲ್ಲೂ ಕೊಚ್ಚಿಯಲ್ಲೂ ಗ್ರಾಹಕರ ಜೊತೆ ಮಾತಾಡಬೇಕಾದ ಕೆಲಸಕ್ಕೆ ಇದು ಬೆಲೆಯುಳ್ಳದ್ದು. ಸಪೋರ್ಟ್, ಫೀಲ್ಡ್ ಇಂಜಿನಿಯರ್, ಇಂಪ್ಲಿಮೆಂಟೇಶನ್ ಥರದ ಕೆಲಸಕ್ಕೆ ಹಾಕುವಾಗ ಸಮ್ಮರಿಯಲ್ಲಿ ಒಂದು ವಾಕ್ಯ ಸೇರಿಸಿ. ಕೋಡಿಂಗ್ ಕೆಲಸಕ್ಕಾದರೆ `Languages Known` ಫೀಲ್ಡಿನಲ್ಲಿ ಇದ್ದರೆ ಸಾಕು. ಅಲ್ಲಿ ಓದಲು, ಬರೆಯಲು, ಮಾತಾಡಲು ಎಂದು ಬೇರೆ ಬೇರೆ ಕೇಳಿದರೆ ಸರಿಯಾಗಿ ಗುರುತು ಹಾಕಿ. ಮಲಯಾಳ ಮಾತಾಡುತ್ತೀರಿ, ಆದರೆ ಕನ್ನಡ ಮೀಡಿಯಂನಲ್ಲಿ ಓದಿದ್ದರಿಂದ ಓದಲು ಬರುವುದಿಲ್ಲ ಎಂದಾದರೆ ಹಾಗೆಯೇ ಹಾಕಿ.

ಕನ್ನಡ ಮೀಡಿಯಂನಲ್ಲಿ ಓದಿದ್ದು ಎಂದು ಸಮ್ಮರಿಯಲ್ಲಿ ಹೇಳಬೇಕಾಗಿಲ್ಲ, ಅಡಗಿಸಬೇಕಾಗಿಯೂ ಇಲ್ಲ. ಅಪ್ಪನ ಹೆಸರು, ಅಡಿಕೆ ತೋಟ, ಮನೆಯ ಕಷ್ಟ, ಹವ್ಯಾಸ ಇವೂ ಈ ಚೌಕದಲ್ಲಿ ಬೇಡ. ಹಳೆಯ ಬಯೋಡೇಟಾದ ರೂಢಿಯಿಂದ ಬಂದವು ಅವು. ಆದರೆ ತೋಟದ ಕೆಲಸವೇ ನಿಮ್ಮ ಪ್ರಾಜೆಕ್ಟಿಗೆ ಕಾರಣವಾಗಿದ್ದರೆ ಆ ಮಾತು ಬೇರೆ. ತೋಟದ ಟ್ಯಾಂಕಿ ತುಂಬಿ ಹರಿಯುವುದನ್ನು ನೋಡಿಯೇ ಆ ಹುಡುಗಿ ಪ್ರಾಜೆಕ್ಟ್ ಆರಿಸಿದ್ದು. ಅದನ್ನು ಅವಳು ಸಮ್ಮರಿಯಲ್ಲಿ ಬರೆಯಲಿಲ್ಲ, ಕೇಳಿದಾಗ ಹೇಳಲು ಇಟ್ಟುಕೊಂಡಳು.

ನಾಲ್ಕನೆಯದು: ಪೋರ್ಟಲ್‌ಗೆ ಹಾಕುವ ಮೊದಲು

ಬರೆದದ್ದನ್ನು ಬೇರೆ ಬ್ರಾಂಚಿನ ಒಬ್ಬ ಗೆಳೆಯನಿಗೋ ಗೆಳತಿಗೋ ಕೊಡಿ. ಓದಿ ಮೂರು ಪ್ರಶ್ನೆ ಕೇಳು ಎನ್ನಿ. ಪ್ರಶ್ನೆಗಳು ನಿಮ್ಮ ಕೆಲಸದ ಬಗ್ಗೆಯೇ ಬಂದರೆ ಸಮ್ಮರಿ ಸರಿಯಾಗಿದೆ. 'ನಿನ್ನ ಬಗ್ಗೆ ಏನಾದರೂ ಹೇಳು' ಎಂಬಂಥ ಪ್ರಶ್ನೆ ಬಂದರೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ ಎಂದರ್ಥ. ಯಾವುದಾದರೂ ಪ್ರಶ್ನೆಗೆ ನೀವು ತಡವರಿಸಿದರೆ ಎರಡೇ ದಾರಿ. ಅದನ್ನು ಕಲಿಯಿರಿ, ಇಲ್ಲವೇ ಆ ಪದವನ್ನು ಅಳಿಸಿ. ಟ್ಯಾಂಕಿಯ ಹುಡುಗಿಯ ಮೊದಲ ಪ್ರತಿಯಲ್ಲಿ `IoT` ಎಂಬ ಪದ ಇತ್ತು. ಮೊಬೈಲಿಗೆ ಅಳತೆ ಹೋಗುವುದು ಹೇಗೆ ಎಂದು ಕೇಳಿದರೆ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ, ಅದು ಇನ್ನೊಬ್ಬಳ ಪಾಲು. ಪದವನ್ನು ತೆಗೆದೆವು.

ವರ್ಡ್‌ನಿಂದ ನೇರ ಕಾಪಿ ಮಾಡಿದರೆ ಕೆಲವು ಪೋರ್ಟಲ್‌ಗಳಲ್ಲಿ ಡೊಂಕು ಕೊಟೇಶನ್ ಗುರುತು, ಉದ್ದ ಗೆರೆ, ಬುಲೆಟ್ ಚಿಹ್ನೆಗಳು ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣಿಸುತ್ತವೆ. ನೋಟ್‌ಪ್ಯಾಡಿಗೆ ಹಾಕಿ, ಆ ಗುರುತುಗಳನ್ನು ಅಳಿಸಿ ಕೀಬೋರ್ಡಿನಿಂದ ಮತ್ತೆ ಟೈಪ್ ಮಾಡಿ, ಅಲ್ಲಿಂದ ಕಾಪಿ ಮಾಡಿ. ಬುಲೆಟ್ ಬೇಡ, ಒಂದೇ ಪ್ಯಾರಾ ಸಾಕು. ಸೇವ್ ಮಾಡಿದ ಮೇಲೆ ಪ್ರಿವ್ಯೂ ತೆರೆದು ಕೊನೆಯ ವಾಕ್ಯ ಪೂರ್ತಿ ಇದೆಯೇ ನೋಡಿ. ಅಕ್ಷರಗಳ ಮಿತಿ ದಾಟಿದ್ದರೆ ಕೆಲವು ಪೋರ್ಟಲ್‌ಗಳು ಏನೂ ಹೇಳದೆ ಬಾಲ ಕತ್ತರಿಸುತ್ತವೆ. ಆಗ ಹೋಗುವುದು ಯಾವ ಕೆಲಸ ಬೇಕು ಎಂಬ ವಾಕ್ಯವೇ.

ರೆಸ್ಯೂಮೆ ಪಿಡಿಎಫ್‌ನಲ್ಲೂ ಇದೇ ಸಮ್ಮರಿ ಇರಲಿ. ಪೋರ್ಟಲ್‌ನಲ್ಲಿ ಐದು ಅಳತೆ, ಪಿಡಿಎಫ್‌ನಲ್ಲಿ ಹತ್ತು ಅಳತೆ ಎಂದಿದ್ದರೆ ಅದೇ ಪ್ರಶ್ನೆಯಾಗುತ್ತದೆ.

ಬಹಳ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಆಫೀಸರ್ ಪರಿಶೀಲಿಸಿದ ಮೇಲೆ ಪ್ರೊಫೈಲ್ ಲಾಕ್ ಆಗುತ್ತದೆ. ಆಮೇಲೆ ಬದಲಿಸಬೇಕಾದರೆ ಅವರ ಹತ್ತಿರ ಕೇಳಬೇಕು. ಲಾಕ್ ಆಗುವ ದಿನ ಯಾವುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮೇನ್ ಪ್ರಾಜೆಕ್ಟಿನ ಮೊದಲ ಹಂತ ಮುಗಿದಾಗ ಮಿನಿ ಪ್ರಾಜೆಕ್ಟಿಗಿಂತ ಗಟ್ಟಿ ಕೆಲಸ ನಿಮ್ಮ ಕೈಯಲ್ಲಿ ಆಗಿದ್ದರೆ ಎರಡನೇ ಮತ್ತು ಮೂರನೇ ವಾಕ್ಯವನ್ನು ಬದಲಿಸಲು ಕೇಳಿ. ಪ್ರಾಜೆಕ್ಟ್ ಇನ್ನೂ ಕಾಗದದ ಮೇಲೆಯೇ ಇದ್ದರೆ ಟ್ಯಾಂಕಿಯೇ ಇರಲಿ. ಮಾಡಲಿರುವ ಕೆಲಸದ ಬಗ್ಗೆ ಎರಡನೇ ಪ್ರಶ್ನೆ ಬಂದರೆ ಹೇಳಲು ಏನೂ ಇರುವುದಿಲ್ಲ.